ಕಾಲಂ ಅಗಲ, ಸೆಂಟಿಮೀಟರ್ ಎತ್ತರ, ಕನ್ನಡ ಅಕ್ಷರ: ತಳಿಯ ಒಂದು ಪ್ರವೇಶ ಪ್ರಕಟಣೆಯ ಲೆಕ್ಕ

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಬೋಧನೆ ದೊರೆಯಬೇಕಾದರೆ ಇಡೀ ಶಾಲೆಯಲ್ಲಿ ಆ ಭಾಷೆಯ 40 ಮಕ್ಕಳು, ಇಲ್ಲವೆ ಒಂದು ತರಗತಿಯಲ್ಲಿ 10 ಮಕ್ಕಳು ಇರಬೇಕು ಎಂಬ ಮಾನದಂಡವನ್ನು 1949ರ ಆಗಸ್ಟ್‌ನಲ್ಲಿ ನಡೆದ ಪ್ರಾಂತ್ಯಗಳ ಶಿಕ್ಷಣ ಸಚಿವರ ಸಮ್ಮೇಳನವು ಗೊತ್ತುಮಾಡಿತು. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿ ಕೇಂದ್ರ ಸರ್ಕಾರದ ಜ್ಞಾಪನಪತ್ರವು ಇದನ್ನು ಭಾಷಾ ಅಲ್ಪಸಂಖ್ಯಾತರ ರಕ್ಷಣೋಪಾಯಗಳಲ್ಲಿ ಸೇರಿಸಿಕೊಂಡಿತು. ಮುಂದೆ ಒಪ್ಪಿತವಾದ ಮತ್ತೊಂದು ಉಪಾಯವೆಂದರೆ ಮುಂಗಡ ನೋಂದಣಿ. ಶಾಲೆ ತೆರೆಯುವುದಕ್ಕೆ ಮೊದಲೇ ಪೋಷಕರು ತಮ್ಮ ಮಗುವಿನ ಮಾಧ್ಯಮ ಯಾವುದೆಂದು ಬರೆಯಿಸಿದರೆ ಸಂಖ್ಯೆ ಲೆಕ್ಕಕ್ಕೆ ಸಿಗುತ್ತದೆ. ಕೃಷ್ಣಗಿರಿ ಜಿಲ್ಲೆಯ ತಳಿಯಂತಹ ಗಡಿ ಊರಿನಲ್ಲಿ ಹತ್ತನೆಯ ಮಗುವಿನ ಹೆಸರು ಪಟ್ಟಿಗೆ ಸೇರುವುದೂ ಸೇರದಿರುವುದೂ ಕೆಲವೊಮ್ಮೆ ಸುದ್ದಿ ಸಮಯಕ್ಕೆ ತಲುಪಿತೇ ಎಂಬುದನ್ನು ಅವಲಂಬಿಸಿರುತ್ತದೆ.

ಸುದ್ದಿ ತಲುಪಿಸುವ ದಾರಿಗಳಲ್ಲಿ ಪತ್ರಿಕೆಯ ಪ್ರದರ್ಶನ ಜಾಹೀರಾತು ಒಂದು. ಚೌಕಟ್ಟಿನೊಳಗೆ ಶೀರ್ಷಿಕೆ, ವಿವರ, ವಿಳಾಸಗಳನ್ನು ಬಿಡಿಬಿಡಿಯಾಗಿ ಜೋಡಿಸಿದ ಜಾಹೀರಾತಿಗೆ ಆ ಹೆಸರು. ಸಾಲುಸಾಲಾಗಿ ಒತ್ತಾಗಿ ಬರುವ ವರ್ಗೀಕೃತ ಜಾಹೀರಾತಿನಲ್ಲಿ ಪದಗಳಿಗೆ ಅಥವಾ ಸಾಲುಗಳಿಗೆ ಹಣ ತೆರುತ್ತೇವೆ, ಇಲ್ಲಿ ಸ್ಥಳಕ್ಕೆ ತೆರುತ್ತೇವೆ. ಆದ್ದರಿಂದ ಸಣ್ಣ ಸಂಘಸಂಸ್ಥೆಗಳು ಸಾಮಾನ್ಯವಾಗಿ ಮೊದಲು ಸ್ಥಳವನ್ನು ಕೊಂಡು ಆಮೇಲೆ ಮಾತನ್ನು ಅದರೊಳಗೆ ತುಂಬಲು ಹೊರಡುತ್ತವೆ. ಕನ್ನಡದಲ್ಲಿ ಈ ಕ್ರಮ ನಷ್ಟದ್ದು. ನಮ್ಮ ಲಿಪಿ ಕೆಳಕ್ಕೂ ಬೆಳೆಯುತ್ತದೆ. ನಮ್ಮ ಪದಗಳು ಪ್ರತ್ಯಯಗಳನ್ನು ಹೊತ್ತು ಉದ್ದವಾಗುತ್ತವೆ. ಎಷ್ಟು ಕಾಲಂ ಬೇಕು, ಎಷ್ಟು ಎತ್ತರ ಬೇಕು ಎಂಬುದನ್ನು ಒಕ್ಕಣೆಯೇ ನಿರ್ಧರಿಸಬೇಕು. ಇದನ್ನು ತಳಿಯ ಒಂದು ಕಲ್ಪಿತ ಪ್ರಕಟಣೆಯ ಮೂಲಕ ನೋಡಬಹುದು.

ಕಾಲಂ ಎಂಬ ಅಳತೆ

ದೊಡ್ಡ ಆಕಾರದ ದಿನಪತ್ರಿಕೆಯ ಪುಟವನ್ನು ಉದ್ದುದ್ದಕ್ಕೆ ಎಂಟು ಕಾಲಂಗಳಾಗಿ ವಿಭಾಗಿಸುವುದು ಈಗ ಸಾಮಾನ್ಯ. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಕಾಲಂ ಅಗಲ ಕೈಯಲ್ಲಿ ಹಿಡಿಯಬಹುದಾದ ವಸ್ತುವೇ ಆಗಿತ್ತು. ಜೋಡಣೆಗಾರನು ತನ್ನ ಜೋಡುಪಟ್ಟಿಯನ್ನು ಆ ಅಗಲಕ್ಕೆ ಒಮ್ಮೆ ಬಿಗಿದುಕೊಂಡರೆ ದಿನವಿಡೀ ಅದೇ ಅಳತೆಯ ಸಾಲುಗಳು ಹೊರಬರುತ್ತಿದ್ದವು. ಮೊಳೆ ಹೋಗಿ ಕಂಪ್ಯೂಟರ್ ಬಂದರೂ ಜಾಹೀರಾತಿನ ವ್ಯವಹಾರದಲ್ಲಿ ಅಗಲವನ್ನು ಕಾಲಂನಲ್ಲೂ ಎತ್ತರವನ್ನು ಸೆಂಟಿಮೀಟರಿನಲ್ಲೂ ಹೇಳುವ ರೂಢಿ ಉಳಿದುಕೊಂಡಿದೆ. ಕಾರಣ ಸರಳ. ಅಗಲ ನಮ್ಮ ಇಷ್ಟದಂತೆ ಇರುವಂತಿಲ್ಲ. ಒಂದು, ಎರಡು, ಮೂರು ಹೀಗೆ ಪೂರ್ಣ ಕಾಲಂಗಳಾಗಿಯೇ ಇರಬೇಕು, ಇಲ್ಲವಾದರೆ ಪಕ್ಕದ ಸುದ್ದಿಗೆ ಅರ್ಧ ಕಾಲಂ ಉಳಿದುಬಿಡುತ್ತದೆ. ಎತ್ತರವನ್ನು ಮಾತ್ರ ನಾವು ಆರಿಸಿಕೊಳ್ಳಬಹುದು.

ಮುದ್ರಣ ಪ್ರದೇಶದ ಒಟ್ಟು ಅಗಲ 32.9 ಸೆಂ.ಮೀ., ಎರಡು ಕಾಲಂಗಳ ನಡುವಿನ ತೆರವು 0.3 ಸೆಂ.ಮೀ. ಇರುವ ಪುಟವೊಂದನ್ನು ತೆಗೆದುಕೊಳ್ಳೋಣ. ಎಂಟು ಕಾಲಂಗಳ ನಡುವೆ ಏಳು ತೆರವುಗಳು, ಅಂದರೆ 2.1 ಸೆಂ.ಮೀ. ಉಳಿದ 30.8 ಸೆಂಟಿಮೀಟರನ್ನು ಎಂಟರಿಂದ ಭಾಗಿಸಿದರೆ ಒಂದು ಕಾಲಂ 3.85 ಸೆಂ.ಮೀ. ಆಗುತ್ತದೆ. ಎರಡು ಕಾಲಂ ಜಾಹೀರಾತು ತನ್ನ ನಡುವಿನ ತೆರವನ್ನೂ ನುಂಗುವುದರಿಂದ ಅದರ ಅಗಲ 7.7 ಅಲ್ಲ, 8.0 ಸೆಂ.ಮೀ. ಇದೇ ಕ್ರಮದಲ್ಲಿ ಮೂರು ಕಾಲಂ 12.15, ನಾಲ್ಕು ಕಾಲಂ 16.3 ಸೆಂ.ಮೀ. ಪತ್ರಿಕೆಯಿಂದ ಪತ್ರಿಕೆಗೆ ಈ ಅಂಕಿಗಳು ಸ್ವಲ್ಪ ಬದಲಾಗುತ್ತವೆ. ಕೆಲವು ಪತ್ರಿಕೆಗಳ ವರ್ಗೀಕೃತ ಪುಟದಲ್ಲಿ ಕಾಲಂಗಳೇ ಕಿರಿದು; ಅಲ್ಲಿಯ ‘ಎರಡು ಕಾಲಂ’ ಸುದ್ದಿ ಪುಟದ ಎರಡು ಕಾಲಂಗಿಂತ ಸಣ್ಣದು. ಆದ್ದರಿಂದ ದರಪಟ್ಟಿಯನ್ನು ಕೇಳುವಾಗಲೇ ಕಾಲಂ ಅಗಲದ ಪಟ್ಟಿಯನ್ನೂ ಕೇಳಿ ಪಡೆಯಬೇಕು.

ದರ ಹೇಳುವ ಕ್ರಮಗಳು ಎರಡು. ಹಳೆಯ ಕ್ರಮ ಕಾಲಂ-ಸೆಂಟಿಮೀಟರ್: ಎರಡು ಕಾಲಂ ಅಗಲ, 10 ಸೆಂ.ಮೀ. ಎತ್ತರದ ಜಾಹೀರಾತು 20 ಕಾಲಂ-ಸೆಂಟಿಮೀಟರ್. ಈಗ ಹೆಚ್ಚು ಬಳಕೆಯಲ್ಲಿರುವುದು ಚದರ ಸೆಂಟಿಮೀಟರ್: ಅದೇ ಜಾಹೀರಾತು 8.0 × 10, ಅಂದರೆ 80 ಚದರ ಸೆಂ.ಮೀ. ಕೇಂದ್ರ ಸರ್ಕಾರದ ಜಾಹೀರಾತು ದರಗಳೂ ಚದರ ಸೆಂಟಿಮೀಟರಿಗೇ ನಿಗದಿಯಾಗುತ್ತವೆ. ಈ ಎರಡು ಕ್ರಮಗಳು ಬೆರೆತಲ್ಲಿ ಅನಾಹುತ ಹುಟ್ಟುತ್ತದೆ. ಡಿಟಿಪಿ ಅಂಗಡಿಯಲ್ಲಿ ಅಳೆದು ‘8 × 10’ ಎಂದು ಚೀಟಿ ಬರೆದರೆ ಬರೆದವರ ಮನಸ್ಸಿನಲ್ಲಿರುವುದು 80 ಚದರ ಸೆಂ.ಮೀ. ಪತ್ರಿಕೆಯ ಜಾಹೀರಾತು ವಿಭಾಗವು ಅದನ್ನು ಎಂಟು ಕಾಲಂ ಅಗಲ, 10 ಸೆಂ.ಮೀ. ಎತ್ತರ ಎಂದು ಓದಿದರೆ ಪುಟದ ಪೂರ್ತಿ ಅಗಲದ 329 ಚದರ ಸೆಂಟಿಮೀಟರಿನ ಬಿಲ್ಲಿಗೆ ಅದು ದಾರಿಮಾಡಿಕೊಡುತ್ತದೆ. ಅಗಲ ಮೊದಲು, ಎತ್ತರ ಆಮೇಲೆ ಎಂಬ ಕ್ರಮವನ್ನು ಬಿಡದೆ, ‘2 ಕಾಲಂ (8.0 ಸೆಂ.ಮೀ.) ಅಗಲ, 10 ಸೆಂ.ಮೀ. ಎತ್ತರ, 80 ಚದರ ಸೆಂ.ಮೀ.’ ಎಂದು ಪೂರ್ಣವಾಗಿ ಬರೆದರೆ ಈ ಗೊಂದಲಕ್ಕೆ ಎಡೆಯಿಲ್ಲ.

ಒಂದು ಸಾಲಿನಲ್ಲಿ ಎಷ್ಟು ಅಕ್ಷರ

ಒಂದೇ ಬೆಲೆಯ ಸ್ಥಳವನ್ನು ಬೇರೆಬೇರೆ ಆಕಾರಗಳಲ್ಲಿ ಕೊಳ್ಳಬಹುದು. ಒಂದು ಕಾಲಂ ಅಗಲ, 20 ಸೆಂ.ಮೀ. ಎತ್ತರ ಎಂದರೆ 77 ಚದರ ಸೆಂ.ಮೀ.; ಎರಡು ಕಾಲಂ ಅಗಲ, 10 ಸೆಂ.ಮೀ. ಎತ್ತರ ಎಂದರೆ 80. ಮೂರು ಕಾಲಂ ಅಗಲ, 7 ಸೆಂ.ಮೀ. ಎತ್ತರ ಎಂದರೆ ಸುಮಾರು 85. ಬೆಲೆಯಲ್ಲಿ ಇವುಗಳ ನಡುವೆ ದೊಡ್ಡ ಅಂತರವಿಲ್ಲ. ಕನ್ನಡ ಒಕ್ಕಣೆಯ ದೃಷ್ಟಿಯಿಂದ ಮಾತ್ರ ಅಂತರ ಬಹಳ.

ಪತ್ರಿಕೆಯ ಕಾಗದದಲ್ಲಿ ಕನ್ನಡ ವಿವರಭಾಗ ಸುಲಭವಾಗಿ ಓದಲು 10 ಪಾಯಿಂಟ್ ಅಕ್ಷರ ಬೇಕು ಎಂದಿಟ್ಟುಕೊಳ್ಳೋಣ. ಒಂದು ಪಾಯಿಂಟ್ ಎಂದರೆ ಅಂಗುಲದ 72ನೆಯ ಒಂದು ಭಾಗ, ಸುಮಾರು 0.35 ಮಿ.ಮೀ. ಈ ಗಾತ್ರದಲ್ಲಿ ಒಂದು ಕನ್ನಡ ಅಕ್ಷರ ಅಡ್ಡಕ್ಕೆ ಸರಾಸರಿ 3 ಮಿ.ಮೀ. ಸ್ಥಳ ತೆಗೆದುಕೊಳ್ಳುತ್ತದೆ ಎಂದು ಹಿಡಿಯಬಹುದು. ಇಲ್ಲಿ ಅಕ್ಷರವೆಂದರೆ ಒತ್ತು, ಗುಣಿತಗಳೊಡನೆ ಒಟ್ಟಾಗಿ ಬರೆಯುವ ಘಟಕ: ‘ಕ್ಷಿ’ ಒಂದು, ‘ನ್ನು’ ಒಂದು. ಪದಗಳ ನಡುವಿನ ತೆರವನ್ನು ಅರ್ಧ ಅಕ್ಷರವೆಂದು ಎಣಿಸಿದರೆ ಸಾಕು. ಲಿಪಿಶೈಲಿ ಬದಲಾದರೆ ಸರಾಸರಿಯೂ ಬದಲಾಗುವುದರಿಂದ, ಬಳಸಬೇಕೆಂದಿರುವ ಲಿಪಿಶೈಲಿಯಲ್ಲಿ ಹತ್ತು ಸಾಲು ಅಚ್ಚು ಹಾಕಿಸಿ ಎಣಿಸಿಕೊಳ್ಳುವುದು ಒಳ್ಳೆಯದು.

ಚೌಕಟ್ಟಿನ ಗೆರೆ ಮತ್ತು ಒಳಗಿನ ಖಾಲಿಗಾಗಿ ಪ್ರತಿ ಬದಿಗೆ 0.3 ಸೆಂ.ಮೀ. ಬಿಟ್ಟರೆ ಒಂದು ಕಾಲಂನಲ್ಲಿ ಉಳಿಯುವ ಅಗಲ 3.25 ಸೆಂ.ಮೀ., ಅಂದರೆ ಸಾಲಿಗೆ 10 ಅಕ್ಷರ. ಎರಡು ಕಾಲಂನಲ್ಲಿ 7.4 ಸೆಂ.ಮೀ., 24 ಅಕ್ಷರ. ಮೂರು ಕಾಲಂನಲ್ಲಿ 11.55 ಸೆಂ.ಮೀ., 38 ಅಕ್ಷರ. ಈಗ ನಮ್ಮ ಪ್ರಕಟಣೆಗಳ ಮೆಚ್ಚಿನ ಪದವೊಂದನ್ನು ಎಣಿಸೋಣ: ‘ವಿನಂತಿಸಿಕೊಳ್ಳಲಾಗಿದೆ’. ಒಂಬತ್ತು ಅಕ್ಷರ. ಒಂದು ಕಾಲಂ ಜಾಹೀರಾತಿನಲ್ಲಿ ಈ ಒಂದೇ ಪದ ಒಂದು ಸಾಲನ್ನು ಆಕ್ರಮಿಸುತ್ತದೆ. ಅದರ ಹಿಂದಿನ ಸಾಲಿನಲ್ಲಿ ಐದಾರು ಅಕ್ಷರಗಳಷ್ಟು ಖಾಲಿ ಉಳಿದಿದ್ದರೂ ಪದ ಅಲ್ಲಿ ಕೂರುವುದಿಲ್ಲ. ಎರಡೂ ಅಂಚು ಸಮಗೊಳಿಸುವ ಜೋಡಣೆಯಾದರೆ ಆ ಖಾಲಿ ಪದಗಳ ನಡುವೆ ಹಲ್ಲುಬಿದ್ದಂತೆ ತೋರುತ್ತದೆ. ಪದವನ್ನು ಮುರಿದರೆ ಪ್ರತ್ಯಯ ಒಂದು ಕಡೆ, ಪ್ರಕೃತಿ ಒಂದು ಕಡೆ ಆಗುತ್ತದೆ.

ಸಾಲಿನ ಕೊನೆಯಲ್ಲಿ ಹೀಗೆ ವ್ಯರ್ಥವಾಗುವ ಸ್ಥಳ ಸರಾಸರಿ ಅರ್ಧ ಪದದಷ್ಟು, ಎಂದರೆ ಎರಡು ಎರಡೂವರೆ ಅಕ್ಷರ. ಸಾಲಿನ ಅಗಲ ಎಷ್ಟೇ ಇದ್ದರೂ ಈ ನಷ್ಟ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದ್ದರಿಂದ ಹತ್ತು ಅಕ್ಷರದ ಸಾಲಿನಲ್ಲಿ ಅದು ಕಾಲು ಭಾಗ; 24 ಅಕ್ಷರದ ಸಾಲಿನಲ್ಲಿ ಹತ್ತರಲ್ಲೊಂದು ಭಾಗ. ಒಂದು ಕಾಲಂನ ಉದ್ದನೆಯ ಜಾಹೀರಾತು ಬಿಲ್ಲಿನಲ್ಲಿ ಅಗ್ಗವಾಗಿ ಕಂಡರೂ ಕೊಂಡ ಸ್ಥಳದ ಕಾಲು ಭಾಗವನ್ನು ಬಿಳಿಯಾಗಿ ಚೆಲ್ಲುತ್ತದೆ. ಗದ್ಯರೂಪದ ವಾಕ್ಯಗಳಿರುವ ಕನ್ನಡ ಪ್ರಕಟಣೆಗೆ ಎರಡು ಕಾಲಂ ಕನಿಷ್ಠ ಅಗಲ. ಒಂದು ಕಾಲಂ ಸಲ್ಲುವುದು ಬಿಡಿಪದಗಳ ಪಟ್ಟಿಗೆ ಮಾತ್ರ. ಅಲ್ಲಿಯೂ ಎಡ ಅಂಚಿಗೆ ಮಾತ್ರ ಜೋಡಿಸಬೇಕು.

ಎತ್ತರವನ್ನು ನುಂಗುವ ಒತ್ತಕ್ಷರ

ಅಡ್ಡ ಅಳತೆಯನ್ನು ಪದದ ಉದ್ದ ನಿರ್ಧರಿಸಿದರೆ ಲಂಬ ಅಳತೆಯನ್ನು ಒತ್ತಕ್ಷರ ನಿರ್ಧರಿಸುತ್ತದೆ. ತಳಿ, ಹೊಸೂರು ಕಡೆ ಇದು ವಿಶೇಷವಾಗಿ ಗಮನಕ್ಕೆ ಬರುವ ಸಂಗತಿ. ಅಲ್ಲಿ ತಮಿಳಿನಲ್ಲಿ ಸಿದ್ಧವಾದ ಚೌಕಟ್ಟನ್ನೇ ಇಟ್ಟುಕೊಂಡು ಒಳಗಿನ ಒಕ್ಕಣೆಯನ್ನು ಕನ್ನಡಕ್ಕೆ ತಿರುಗಿಸುವುದು ಅಂಗಡಿಯವರಿಗೆ ಸುಲಭದ ಕೆಲಸವಾಗಿ ತೋರುತ್ತದೆ. ಆದರೆ ಎರಡು ಲಿಪಿಗಳು ಸ್ಥಳವನ್ನು ಖರ್ಚುಮಾಡುವ ಬಗೆ ಬೇರೆ. ಜಿಲ್ಲೆಯ ಹೆಸರನ್ನೇ ನೋಡಿ. ಕನ್ನಡದಲ್ಲಿ ‘ಕೃಷ್ಣಗಿರಿ’ ನಾಲ್ಕು ಅಕ್ಷರ. ತಮಿಳಿನಲ್ಲಿ ಅದನ್ನು ‘ಕಿ-ರು-ಷ್-ಣ-ಕಿ-ರಿ’ ಎಂದು ಆರು ಘಟಕಗಳಾಗಿ ಬಿಡಿಸಿ ಅಡ್ಡಕ್ಕೆ ಬರೆಯುತ್ತಾರೆ. ವ್ಯಂಜನದ ಮೇಲೆ ಚುಕ್ಕೆ ಇಟ್ಟು ಸ್ವರವನ್ನು ತೆಗೆಯುವುದರಿಂದ ಕೆಳಗೆ ಒತ್ತು ಬರುವುದಿಲ್ಲ. ಕನ್ನಡವು ಅಡ್ಡಕ್ಕೆ ಉಳಿಸಿದ್ದನ್ನು ಕೆಳಕ್ಕೆ ಖರ್ಚುಮಾಡುತ್ತದೆ: ‘ಷ’ಕಾರದ ಅಡಿಯಲ್ಲಿ ‘ಣ’ಕಾರ ಇಳಿಯುತ್ತದೆ.

ಆದ್ದರಿಂದ 10 ಪಾಯಿಂಟ್ ಕನ್ನಡ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 14 ಪಾಯಿಂಟ್ ಅಂತರ ಬೇಕಾಗುತ್ತದೆ; ಸೆಂಟಿಮೀಟರಿನಲ್ಲಿ ಹೇಳುವುದಾದರೆ ಸಾಲೊಂದಕ್ಕೆ ಸುಮಾರು ಅರ್ಧ ಸೆಂ.ಮೀ. ಒಕ್ಕಣೆ ಚೌಕಟ್ಟಿನಲ್ಲಿ ಹಿಡಿಯದಿದ್ದಾಗ ಅಂಗಡಿಯಲ್ಲಿ ಮೊದಲು ಕೈಹಾಕುವುದು ಈ ಅಂತರಕ್ಕೇ. ಅದನ್ನು 12 ಪಾಯಿಂಟಿಗೆ ಇಳಿಸಿದರೆ ಹತ್ತು ಸಾಲಿನಲ್ಲಿ ಏಳು ಮಿಲಿಮೀಟರ್ ಉಳಿಯುತ್ತದೆ ನಿಜ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಗಲುತ್ತದೆ. ಪರದೆಯ ಮೇಲೆ ಇದು ಅಷ್ಟಾಗಿ ಕಾಣದು. ಪತ್ರಿಕೆಯ ಕಾಗದ ಶಾಯಿಯನ್ನು ಹೀರಿ ಗೆರೆಯನ್ನು ದಪ್ಪ ಮಾಡುವುದರಿಂದ ಅಚ್ಚಿನಲ್ಲಿ ಎರಡೂ ಕಲೆತು ಕರಿಯ ಕಲೆಯಾಗುತ್ತದೆ. ಕರಡನ್ನು ನೋಡುವಾಗ ‘ಕೃಷ್ಣಗಿರಿ’, ‘ಬೆಳಿಗ್ಗೆ’, ‘ಮಾಧ್ಯಮ’ ಎಂಬಂತಹ ಪದಗಳ ಅಡಿಯಲ್ಲಿ ಬಿಳಿಯ ಎಳೆ ಉಳಿದಿದೆಯೇ ಎಂದು ನೋಡಿದರೆ ಸಾಕು, ತಿಳಿಯುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರ ಹಾಕಿಸುವ ಆಸೆಯನ್ನು ಸಣ್ಣ ಗಾತ್ರದ ಕನ್ನಡದಲ್ಲಿ ಬಿಡುವುದು ಲೇಸು. ಮೊದಲು ಮುಚ್ಚಿಹೋಗುವುದು ಒತ್ತಕ್ಷರಗಳ ಕಣ್ಣೇ.

ಅಕ್ಷರದ ಗಾತ್ರವನ್ನೇ ಇಳಿಸುವುದು ಇನ್ನೊಂದು ಉಪಾಯ. ಓದಲೇಬೇಕಾದ ಪ್ರಕಟಣೆಯಲ್ಲಿ ಅದಕ್ಕೆ ಮಿತಿ ಹಾಕಬೇಕೆಂಬುದನ್ನು ಆಡಳಿತವೂ ಒಪ್ಪಿದೆ. ಅಭ್ಯರ್ಥಿಗಳು ತಮ್ಮ ಮೇಲಿನ ಕ್ರಿಮಿನಲ್ ಪ್ರಕರಣಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತ ಬಳಿಕ ಚುನಾವಣಾ ಆಯೋಗವು ಅಂತಹ ಪ್ರಕಟಣೆಯ ಅಕ್ಷರ ಕನಿಷ್ಠ 12ರ ಗಾತ್ರದ್ದಾಗಿರಬೇಕೆಂದು ಸೂಚಿಸಿತು. ಸಾಲಿನ ಅಂತರವನ್ನೂ ಅಕ್ಷರದ ಗಾತ್ರವನ್ನೂ ಮುಟ್ಟುವಂತಿಲ್ಲ ಎಂದಾದ ಮೇಲೆ ಕೈಹಾಕಲು ಉಳಿಯುವುದು ಒಕ್ಕಣೆಯೊಂದೇ.

ಒಕ್ಕಣೆಯನ್ನು ಇಳಿಸುವ ಬಗೆ

ತಳಿಯ ಕನ್ನಡ ಮಾಧ್ಯಮ ಶಾಲೆಯೊಂದರ ಹಳೆಯ ವಿದ್ಯಾರ್ಥಿಗಳು ಪ್ರವೇಶದ ಪ್ರಕಟಣೆಗಾಗಿ 10,500 ರೂಪಾಯಿ ಕೂಡಿಸಿದ್ದಾರೆ ಎಂದು ಭಾವಿಸೋಣ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

‘ತಮಿಳುನಾಡು ರಾಜ್ಯದ ಕೃಷ್ಣಗಿರಿ ಜಿಲ್ಲೆಯ ಡೆಂಕಣಿಕೋಟೆ ತಾಲೂಕಿಗೆ ಸೇರಿದ ತಳಿಯಲ್ಲಿರುವ ನಮ್ಮ ಶಾಲೆಯಲ್ಲಿ ಮುಂಬರುವ ಶೈಕ್ಷಣಿಕ ವರ್ಷಕ್ಕೆ ಒಂದನೆಯ ಮತ್ತು ಆರನೆಯ ತರಗತಿಗಳಿಗೆ ಕನ್ನಡ ಮಾಧ್ಯಮದಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲಾಗುತ್ತಿದ್ದು, ಕನ್ನಡ ಮನೆಮಾತಿನ ಪೋಷಕರೆಲ್ಲರೂ ತಮ್ಮ ಮಕ್ಕಳ ಹೆಸರುಗಳನ್ನು ಏಪ್ರಿಲ್ 30ರೊಳಗಾಗಿ ಶಾಲೆಯ ಕಚೇರಿಯಲ್ಲಿ ಬೆಳಿಗ್ಗೆ 10 ಗಂಟೆಯಿಂದ ಸಂಜೆ 4 ಗಂಟೆಯವರೆಗೆ ನೋಂದಾಯಿಸಿಕೊಳ್ಳಬೇಕೆಂದು ಈ ಮೂಲಕ ಸವಿನಯವಾಗಿ ವಿನಂತಿಸಿಕೊಳ್ಳಲಾಗಿದೆ. ನೋಂದಣಿಗೆ ಬರುವಾಗ ಮಗುವಿನ ಜನನ ಪ್ರಮಾಣಪತ್ರದ ಪ್ರತಿಯನ್ನು ತಪ್ಪದೆ ತರಬೇಕಾಗಿಯೂ ಕೋರಲಾಗಿದೆ.’

ವ್ಯಾಕರಣದ ತಪ್ಪು ಇಲ್ಲಿ ಒಂದೂ ಇಲ್ಲ. ಪದಗಳು 51, ಅಂಕಿಗಳೂ ಸೇರಿ ಅಕ್ಷರಗಳು 217, ತೆರವುಗಳನ್ನು ಕೂಡಿಸಿದರೆ 240 ದಾಟುತ್ತದೆ. ಎರಡು ಕಾಲಂ ಅಗಲದಲ್ಲಿ, ಸಾಲಿನ ಕೊನೆಯ ನಷ್ಟವನ್ನು ಕಳೆದರೆ, ಇದಕ್ಕೆ 12 ಸಾಲು, ಅಂದರೆ 6 ಸೆಂ.ಮೀ. ಬೇಕು. ಶೀರ್ಷಿಕೆ, ಶಾಲೆಯ ಹೆಸರು, ದೂರವಾಣಿ, ಅಂಚುಗಳು ಮತ್ತು ಒಂದಿಷ್ಟು ಬಿಳಿ ಸೇರಿದರೆ ಎತ್ತರ 10 ಸೆಂಟಿಮೀಟರಿಗೆ ಮುಟ್ಟುತ್ತದೆ.

ಇದನ್ನು ಇಳಿಸುವಾಗ ಸಣ್ಣ ಪದಗಳನ್ನು ಹೆಕ್ಕಿ ತೆಗೆಯುವುದರಿಂದ ಹೆಚ್ಚು ಫಲವಿಲ್ಲ. ಕನ್ನಡದಲ್ಲಿ ಪದಪದಗಳ ಸಂಬಂಧವನ್ನು ಹೇಳುವುದು ಬಹುಮಟ್ಟಿಗೆ ವಿಭಕ್ತಿ. ಅದು ಪದಕ್ಕೇ ಅಂಟಿಕೊಂಡಿರುತ್ತದೆ. ವಾಕ್ಯವನ್ನು ವಾಕ್ಯವಾಗಿಯೇ ಉಳಿಸಿಕೊಂಡು ಪ್ರತ್ಯಯಗಳನ್ನು ಕಿತ್ತರೆ ಅರ್ಥ ಕೆಡುತ್ತದೆ. ವಿಭಕ್ತಿ ಮಾಡುತ್ತಿದ್ದ ಕೆಲಸವನ್ನು ಪುಟದ ಜೋಡಣೆಗೆ ವಹಿಸಿದಾಗ ಮಾತ್ರ ಪ್ರತ್ಯಯ ಗೌರವದಿಂದ ನಿವೃತ್ತವಾಗುತ್ತದೆ. ಶೀರ್ಷಿಕೆಯಲ್ಲೇ ಇದನ್ನು ಕಾಣಬಹುದು. 18 ಪಾಯಿಂಟಿನಲ್ಲಿ ಒಂದು ಅಕ್ಷರಕ್ಕೆ ಸುಮಾರು 5.4 ಮಿ.ಮೀ. ಬೇಕು, 7.4 ಸೆಂ.ಮೀ. ಅಗಲದಲ್ಲಿ 13ಕ್ಕಿಂತ ಸ್ವಲ್ಪ ಹೆಚ್ಚು ಅಕ್ಷರ ಕೂರುತ್ತದೆ. ‘ತಳಿಯಲ್ಲಿ ಕನ್ನಡ ಮಾಧ್ಯಮ ಪ್ರವೇಶ’ ಎಂಬುದು 13 ಅಕ್ಷರ, ಮೂರು ತೆರವು. ಹದಿನಾಲ್ಕೂವರೆ ಆಗಿ ಎರಡನೆಯ ಸಾಲಿಗೆ ಇಳಿಯುತ್ತದೆ. ‘ತಳಿ: ಕನ್ನಡ ಮಾಧ್ಯಮ ಪ್ರವೇಶ’ ಎಂದರೆ ಹನ್ನೆರಡೂವರೆ, ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಸಪ್ತಮೀ ವಿಭಕ್ತಿಯ ಹೊರೆಯನ್ನು ಎರಡು ಚುಕ್ಕೆಗಳು ಹೊತ್ತವು.

ಉಳಿದ ಭಾಗಕ್ಕೂ ಇದೇ ನ್ಯಾಯ. ಪ್ರತಿ ಸಂಗತಿಗೆ ಒಂದು ಸಾಲು ಕೊಟ್ಟರೆ ಸಾಲಿನ ಆರಂಭದ ಪದ ಏನನ್ನು ಹೇಳುತ್ತಿದ್ದೇವೆಂದು ತಿಳಿಸುತ್ತದೆ:

ತಳಿ: ಕನ್ನಡ ಮಾಧ್ಯಮ ಪ್ರವೇಶ
1 ಮತ್ತು 6ನೇ ತರಗತಿ – ಹೆಸರು ನೋಂದಾಯಿಸಿ
ಕೊನೆಯ ದಿನ: ಏಪ್ರಿಲ್ 30, ಗುರುವಾರ
ಶಾಲಾ ಕಚೇರಿ: ಬೆಳಿಗ್ಗೆ 10–ಸಂಜೆ 4
ತನ್ನಿ: ಜನನ ಪ್ರಮಾಣಪತ್ರದ ಪ್ರತಿ
(ಶಾಲೆಯ ಹೆಸರು), ತಳಿ
ಡೆಂಕಣಿಕೋಟೆ ತಾ., ಕೃಷ್ಣಗಿರಿ ಜಿ., ತಮಿಳುನಾಡು
(ದೂರವಾಣಿ ಸಂಖ್ಯೆ)

ಶಾಲೆಯ ಹೆಸರಿನ ಸಾಲು ಮತ್ತು ದೂರವಾಣಿಯನ್ನು ಬಿಟ್ಟರೆ ಅಕ್ಷರಗಳು 83. ಮೂರನೆಯ ಎರಡು ಭಾಗಕ್ಕೂ ಹತ್ತಿರದಷ್ಟು ಹೊರೆ ಇಳಿದಿದೆ. ಇಳಿದದ್ದು ಯಾವುದು, ಏಕೆ ಎಂಬುದನ್ನು ನೋಡಬೇಕು.

‘ಈ ಮೂಲಕ ಸವಿನಯವಾಗಿ ವಿನಂತಿಸಿಕೊಳ್ಳಲಾಗಿದೆ’ ಎಂಬುದನ್ನು ಬಿಡಲು ನಮ್ಮವರು ಹಿಂಜರಿಯುತ್ತಾರೆ. ಬಿಟ್ಟರೆ ಮರ್ಯಾದೆ ಕಡಿಮೆಯಾದೀತೆಂಬ ಅಂಜಿಕೆ. ಆದರೆ ‘ನೋಂದಾಯಿಸಿ’, ‘ತನ್ನಿ’ ಎಂಬ ಬಹುವಚನದ ವಿಧಿರೂಪದಲ್ಲಿ ಗೌರವ ಆಗಲೇ ಅಡಕವಾಗಿದೆ. ಕರ್ಮಣಿ ಪ್ರಯೋಗವು ಕೇಳಿಕೊಳ್ಳುತ್ತಿರುವವರು ಯಾರೆಂಬುದನ್ನು ಮರೆಮಾಡುತ್ತದೆ. ವಿಧಿರೂಪ ಪೋಷಕರನ್ನು ನೇರವಾಗಿ ಮಾತನಾಡಿಸುತ್ತದೆ. ‘ಮುಂಬರುವ ಶೈಕ್ಷಣಿಕ ವರ್ಷಕ್ಕೆ’ ಎಂಬುದು ಏಪ್ರಿಲ್ ತಿಂಗಳಿನ ಪತ್ರಿಕೆಯಲ್ಲಿ ಹೇಳದೆಯೂ ತಿಳಿಯುತ್ತದೆ. ‘ಕನ್ನಡ ಮನೆಮಾತಿನ ಪೋಷಕರೆಲ್ಲರೂ’ ಎಂಬುದು ಹೋದದ್ದು ಸ್ಥಳದ ಉಳಿತಾಯಕ್ಕಾಗಿ ಮಾತ್ರವಲ್ಲ. ತಳಿಯ ಸುತ್ತ ತೆಲುಗು ಮನೆಮಾತಿನವರೂ ಇದ್ದಾರೆ. ಮಗುವನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಬಯಸುವ ಅಂತಹ ಮನೆಯವರನ್ನು ಆ ಮಾತು ಹೊರಗೇ ನಿಲ್ಲಿಸುತ್ತಿತ್ತು.

ಸೇರಿಸಿದ್ದೂ ಒಂದುಂಟು: ವಾರದ ಹೆಸರು. ತಾರೀಖಿನ ಅಂಕಿ ಅಚ್ಚಿನಲ್ಲಿ ತಪ್ಪಿದರೆ ಓದುಗನಿಗೆ ಸುಳಿವು ಸಿಗುವುದು ವಾರದಿಂದಲೇ. ನಾಲ್ಕು ಅಕ್ಷರದ ಖರ್ಚಿಗೆ ಈ ವಿಮೆ ದುಬಾರಿಯಲ್ಲ.

ಕತ್ತರಿಸಬಾರದ್ದು ವಿಳಾಸ. ‘ತಳಿ’ ಎಂಬ ಪದಕ್ಕೆ ಕನ್ನಡದಲ್ಲಿ ಬೀಜದ, ಜಾನುವಾರಿನ ಬಗೆ ಎಂಬ ಅರ್ಥವೂ ಇದೆ. ಕೃಷಿ ಸುದ್ದಿಯ ಪಕ್ಕದಲ್ಲಿ ಈ ಶೀರ್ಷಿಕೆ ಬಿದ್ದರೆ ಊರಿನ ಪರಿಚಯವಿಲ್ಲದವರು ಅರೆಕ್ಷಣ ತಡವರಿಸಬಹುದು. ಅದನ್ನು ಸರಿಪಡಿಸುವುದು ತಾಲೂಕು, ಜಿಲ್ಲೆಯ ಸಾಲು. ಜಿಲ್ಲೆಯ ಹೆಸರನ್ನು ಹಳೆಯ ಕಾಗದಪತ್ರ ನೋಡಿ ಬರೆಯುವಂತೆಯೂ ಇಲ್ಲ. ಕೃಷ್ಣಗಿರಿ ಜಿಲ್ಲೆ ಧರ್ಮಪುರಿಯಿಂದ ಬೇರೆಯಾದದ್ದು 2004ರಲ್ಲಿ. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಧರ್ಮಪುರಿ, 1965ಕ್ಕೂ ಹಿಂದಿನವುಗಳಲ್ಲಿ ಸೇಲಂ ಎಂದಿರುತ್ತದೆ. ‘ತಾಲೂಕು’, ‘ಜಿಲ್ಲೆ’ಗಳನ್ನು ‘ತಾ.’, ‘ಜಿ.’ ಎಂದು ಇಳಿಸಿದರೆ ಯಾರಿಗೂ ತೊಡಕಿಲ್ಲ, ‘ಪ್ರಮಾಣಪತ್ರ’ವನ್ನು ‘ಪ್ರ.ಪ.’ ಎಂದರೆ ಓದುವವರು ನಿಂತುಬಿಡುತ್ತಾರೆ. ರೂಢಿಯಲ್ಲಿಲ್ಲದ ಸಂಕ್ಷೇಪ ಉಳಿತಾಯವಲ್ಲ.

ಹಣದ ಲೆಕ್ಕ

ಈಗ ಎತ್ತರವನ್ನು ನಿರ್ಧರಿಸಬಹುದು. ಶೀರ್ಷಿಕೆಗೆ 0.85 ಸೆಂ.ಮೀ., ಏಳು ಸಾಲುಗಳಿಗೆ 3.5, ಅಂಚುಗಳಿಗೆ 0.6; ಒಟ್ಟು 4.95 ಸೆಂ.ಮೀ. ಲೆಕ್ಕದಲ್ಲಿ 5 ಸೆಂ.ಮೀ. ಸಾಕು. ಆದರೆ ಶೀರ್ಷಿಕೆಗೂ ವಿವರಕ್ಕೂ ನಡುವೆ, ವಿವರಕ್ಕೂ ವಿಳಾಸಕ್ಕೂ ನಡುವೆ ಬಿಳಿಯಿಲ್ಲದ ಜಾಹೀರಾತು ಪಕ್ಕದ ಸುದ್ದಿಯಲ್ಲಿ ಕರಗಿಹೋಗುತ್ತದೆ. ಇನ್ನೊಂದು ಸೆಂಟಿಮೀಟರ್ ಸೇರಿಸಿ 6 ಸೆಂ.ಮೀ. ಮಾಡುವುದು ಸರಿ. ಎರಡು ಕಾಲಂ ಅಗಲ, 6 ಸೆಂ.ಮೀ. ಎತ್ತರ: 48 ಚದರ ಸೆಂ.ಮೀ.

ಲೆಕ್ಕ ಸುಲಭವಾಗಲೆಂದು ದರವನ್ನು ಚದರ ಸೆಂಟಿಮೀಟರಿಗೆ 100 ರೂಪಾಯಿ ಎಂದು ಹಿಡಿಯೋಣ. ಮುದ್ರಣ ಮಾಧ್ಯಮದ ಜಾಹೀರಾತು ಸ್ಥಳಕ್ಕೆ ಶೇ. 5 ಜಿಎಸ್‌ಟಿ ಸೇರುತ್ತದೆ. ಮೊದಲ ಕರಡಿನ 80 ಚದರ ಸೆಂಟಿಮೀಟರಿಗೆ 8,000 ರೂಪಾಯಿ, ತೆರಿಗೆ ಸೇರಿ 8,400. ಕೈಯಲ್ಲಿರುವ 10,500ರಲ್ಲಿ ಅದು ಒಂದು ಸಲ ಮಾತ್ರ ಬರುತ್ತದೆ; ಉಳಿದ 2,100ರಿಂದ ಮತ್ತೊಂದು ಸಲ ಹಾಕಿಸಲಾಗದು. ಇಳಿಸಿದ ಒಕ್ಕಣೆಯ 48 ಚದರ ಸೆಂಟಿಮೀಟರಿಗೆ 4,800, ತೆರಿಗೆ ಸೇರಿ 5,040. ಎರಡು ಸಲಕ್ಕೆ 10,080. ಏಪ್ರಿಲ್ ಮೊದಲ ವಾರದಲ್ಲಿ ಒಮ್ಮೆ, ಕೊನೆಯ ದಿನಕ್ಕೆ ಒಂದು ವಾರ ಮುಂಚೆ ಇನ್ನೊಮ್ಮೆ ಹಾಕಿಸಬಹುದು. ‘ವಿನಂತಿಸಿಕೊಳ್ಳಲಾಗಿದೆ’ ಮತ್ತು ಅದರ ಪರಿವಾರವನ್ನು ಬಿಟ್ಟದ್ದರ ಪ್ರತಿಫಲ ಎರಡನೆಯ ಪ್ರಕಟಣೆ.

ದರದ ವಿಷಯದಲ್ಲಿ ಗಡಿಯಾಚೆಯವರು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ತಳಿ, ಹೊಸೂರುಗಳಿಗೆ ಕನ್ನಡ ದಿನಪತ್ರಿಕೆ ಬರುವುದು ಬೆಂಗಳೂರಿನ ಕಡೆಯಿಂದ. ದರ ಪ್ರಸಾರ ಸಂಖ್ಯೆಯನ್ನು ಅನುಸರಿಸುವುದರಿಂದ ಬೆಂಗಳೂರು ಆವೃತ್ತಿಯಲ್ಲಿ ಹಾಕಿಸಿದಾಗ ತಳಿಯ ಕೆಲವು ಮನೆಗಳನ್ನು ತಲುಪಲು ಮಹಾನಗರದ ಓದುಗರೆಲ್ಲರ ಬೆಲೆಯನ್ನು ತೆರಬೇಕಾಗುತ್ತದೆ. ಆನೇಕಲ್ ಭಾಗಕ್ಕೆ ಉಪ ಆವೃತ್ತಿಯೋ ಪುರವಣಿಯೋ ಇದ್ದು ಅದರ ದರ ಕಡಿಮೆಯಾಗಿದ್ದರೆ, ತಳಿಯ ಏಜೆಂಟರಿಗೆ ಬರುವ ಕಟ್ಟಿನಲ್ಲಿ ಅದೇ ಪ್ರತಿ ಇರುತ್ತದೆಯೇ ಎಂದು ಖಚಿತಪಡಿಸಿಕೊಂಡು ಅದನ್ನು ಆರಿಸಬೇಕು. ಇರದಿದ್ದರೆ ಆ ಉಳಿತಾಯಕ್ಕೆ ಅರ್ಥವಿಲ್ಲ.

ಕಡತ ಕಳುಹಿಸುವಾಗ

ಗಾತ್ರ, ಒಕ್ಕಣೆ ಎರಡೂ ಸರಿಯಾದ ಮೇಲೂ ಕೊನೆಯ ಹೆಜ್ಜೆಯಲ್ಲಿ ಕೆಡುವುದುಂಟು. ಅಂಗಡಿಯವರು ಕೆಲಸದ ಸೌಕರ್ಯಕ್ಕಾಗಿ 16 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರದ ಹಾಳೆಯಲ್ಲಿ ಜಾಹೀರಾತನ್ನು ರಚಿಸುತ್ತಾರೆ. ಅಗಲ ಎತ್ತರಗಳ ಅನುಪಾತ 8ಕ್ಕೆ 6ರದೇ ಆಗಿರುವುದರಿಂದ ತಪ್ಪೇನೂ ಕಾಣುವುದಿಲ್ಲ. ಪತ್ರಿಕೆಯಲ್ಲಿ ಅದು ಅರ್ಧಕ್ಕೆ ಕುಗ್ಗಿದಾಗ, ಹಾಳೆಯಲ್ಲಿ 14 ಪಾಯಿಂಟ್ ಇದ್ದ ಅಕ್ಷರ 7 ಪಾಯಿಂಟ್ ಆಗಿರುತ್ತದೆ. ಅನುಪಾತವೇ ಬೇರೆಯಾಗಿದ್ದರಂತೂ ಚೌಕಟ್ಟಿಗೆ ಹೊಂದಿಸುವಾಗ ಅಕ್ಷರಗಳು ಚಪ್ಪಟೆಯಾಗುತ್ತವೆ. ಅನುಸ್ವಾರದ ಸೊನ್ನೆ ಮೊಟ್ಟೆಯಂತೆ ಕಂಡರೆ ಹಾಗಾಗಿದೆ ಎಂದು ತಿಳಿಯಬೇಕು. ಪುಟದ ಅಳತೆಯನ್ನು ಮೊದಲೇ 8.0 ಮತ್ತು 6.0 ಸೆಂ.ಮೀ. ಎಂದು ನಿಗದಿಮಾಡಿ, ಅದೇ ಗಾತ್ರದಲ್ಲಿ ಕಾಗದದ ಮೇಲೆ ಅಚ್ಚು ತೆಗೆದು, ಊರಿನ ಹಿರಿಯರೊಬ್ಬರ ಕೈಗೆ ಕೊಟ್ಟು ಓದಿಸುವುದು ಸರಿಯಾದ ಪರೀಕ್ಷೆ.

ಎರಡನೆಯದು ಲಿಪಿಯ ಸಂಕೇತ. ಮೊಬೈಲಿನಲ್ಲಿ ಬರೆದ ಒಕ್ಕಣೆ ಯೂನಿಕೋಡ್‌ನಲ್ಲಿರುತ್ತದೆ. ಪುಟವಿನ್ಯಾಸ ಮಾಡುವ ಕಡೆ ನುಡಿಯಂತಹ ತಂತ್ರಾಂಶಗಳ ಹಳೆಯ ಸಂಕೇತದ ಲಿಪಿಶೈಲಿಗಳು ಇನ್ನೂ ಬಳಕೆಯಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಒತ್ತಕ್ಷರ ಜಾರುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗುತ್ತದೆ. ಬರಿಯ ಪಠ್ಯವನ್ನು ಕಳುಹಿಸಿದರೆ ಈ ಪರಿವರ್ತನೆ ನಮ್ಮ ಕಣ್ಣಿಗೆ ಕಾಣದ ಕಡೆ ನಡೆಯುತ್ತದೆ. ಲಿಪಿಶೈಲಿಯನ್ನು ಒಳಗೊಂಡ ಪಿಡಿಎಫ್ ಕಳುಹಿಸಿದರೆ ಅದರ ಅಗತ್ಯವೇ ಇಲ್ಲ. ಪತ್ರಿಕೆಯವರೇ ಜೋಡಿಸುವುದಾದರೆ ಕರಡನ್ನು ತರಿಸಿ, ಅರ್ಥಕ್ಕಾಗಿ ಓದದೆ, ಅಕ್ಷರಕ್ಕೆ ಬೆರಳಿಟ್ಟು ನೋಡಬೇಕು; ದೂರವಾಣಿಯ ಅಂಕಿಗಳನ್ನು ಇನ್ನೊಬ್ಬರು ಗಟ್ಟಿಯಾಗಿ ಓದಿ ಹೇಳುವಾಗ ಸರಿನೋಡಬೇಕು.

ಪತ್ರಿಕೆಯನ್ನು ಕೊಳ್ಳದ ಮನೆಗಳನ್ನು 48 ಚದರ ಸೆಂಟಿಮೀಟರ್ ತಲುಪಲಾರದು. ಅಲ್ಲಿಗೆ ಕರಪತ್ರವೋ ಕಾಲ್ನಡಿಗೆಯೋ ಬೇಕು. ಅದಕ್ಕೂ ಇದೇ ಏಳು ಸಾಲು ಸಲ್ಲುತ್ತದೆ. ಪತ್ರಿಕೆಯ ತುಣುಕನ್ನು ಕತ್ತರಿಸಿ ಪ್ರತಿ ತೆಗೆದು ಸಂತೆಯ ದಿನ ಹಂಚಬಹುದು. ಏಪ್ರಿಲ್ 30ರ ಸಂಜೆ 4 ಗಂಟೆಗೆ ಶಾಲಾ ಕಚೇರಿಯ ನೋಂದಣಿ ಪುಸ್ತಕದಲ್ಲಿ ಒಂದನೆಯ ತರಗತಿಯ ಕೆಳಗೆ ಎಷ್ಟು ಹೆಸರುಗಳಿವೆ ಎಂಬುದೇ ಈ ಅಳತೆಗಳೆಲ್ಲವುಗಳ ತಾಳೆ. ಅದು ಹತ್ತನ್ನು ಮುಟ್ಟಿರಬೇಕು.